ಪೆಂಡೆಂಟ್ ಹಚ್ಚಿದ್ದೇನೆ, ಡೌನ್‌ಲೈಟ್ ಹಚ್ಚಿದ್ದೇನೆ, ಆದರೂ ರೆಂಡರ್‌ನಲ್ಲಿ ದೀಪ ಉರಿದ ಹಾಗೆ ಕಾಣುತ್ತಿಲ್ಲ

ರಶ್ಮಿ, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಕಕ್ಕಬ್ಬೆ ಕಡೆಯ ಒಂದು ಹೋಂಸ್ಟೇಗೆ ಊಟದ ಕೋಣೆಯ ರೆಂಡರ್ ಮಾಡುತ್ತಿದ್ದೇನೆ. ಬ್ಲೆಂಡರ್ 4.3, ಸೈಕಲ್ಸ್. ಕೋಣೆ 5.4 ಮೀಟರ್ ಉದ್ದ, 4.2 ಅಗಲ, ಜಿಪ್ಸಂ ಸೀಲಿಂಗ್ 2.7 ಮೀಟರ್ ಎತ್ತರದಲ್ಲಿದೆ. ನೆಲ ಪಾಲಿಶ್ ಮಾಡಿದ ರೆಡ್ ಆಕ್ಸೈಡ್. ಒಂದು ಕಡೆ ಬಿಳಿ ಗೋಡೆ, ಇನ್ನೊಂದು ಕಡೆ ಹಳೇ ಮನೆಯಿಂದ ಬಿಚ್ಚಿ ತಂದ ಬೀಟೆ ಹಲಗೆ ಹೊಡೆಯುತ್ತಾರೆ. ಟೇಬಲ್ ಮೇಲೆ 20 ಸೆಂ.ಮೀ. ಅಗಲದ ಹಾಲುಗಾಜಿನ ಗೋಳ ತೂಗುತ್ತದೆ. ಸೀಲಿಂಗ್‌ನಲ್ಲಿ ಆರು ಡೌನ್‌ಲೈಟ್. ಪಕ್ಕದ ಹಜಾರದಲ್ಲಿ 12 ಬಲ್ಬಿನ ಶಾಂಡ್ಲಿಯರ್ ಇದೆ, ಬಾಗಿಲಿನಿಂದ ಅರ್ಧ ಕಾಣುತ್ತದೆ.

ಹೊತ್ತು ಮಳೆಗಾಲದ ಸಂಜೆ, ಕಿಟಕಿಯಾಚೆ ಮಂಜು. ಯಜಮಾನರಿಗೆ ಬೇಕಿರುವುದು ಅದೇ ಚಿತ್ರ, ಹೊರಗೆ ಕತ್ತಲಾಗುತ್ತಾ ಇರಬೇಕು, ಒಳಗೆ ದೀಪ ಬೆಚ್ಚಗೆ ಉರಿಯುತ್ತಾ ಇರಬೇಕು.

ನನಗೆ ಬರುತ್ತಿರುವುದು ಏನೆಂದರೆ, ಗೋಳ ಬಿಳಿ ಸ್ಟಿಕ್ಕರ್ ಅಂಟಿಸಿದ ಹಾಗೆ ಚಪ್ಪಟೆ. ಡೌನ್‌ಲೈಟ್ ಸೀಲಿಂಗ್‌ನಲ್ಲಿ ಬೆಳ್ಳಗೆ ಕಾಣುತ್ತವೆ, ಆದರೆ ಕೆಳಗೆ ಬೆಳಕಿನ ವೃತ್ತವೇ ಬೀಳುವುದಿಲ್ಲ. ಪವರ್ ಏರಿಸಿದರೆ ಇಡೀ ಕೋಣೆ ಬಿಳುಚಿಕೊಳ್ಳುತ್ತದೆ. ಕಂಪಾಸಿಟರ್‌ನಲ್ಲಿ `Glare` ಹಾಕಿದರೆ ಗೋಳದ ಜೊತೆ ಬಿಳಿ ಗೋಡೆಯೂ ಹೊಳೆಯಲು ಶುರು ಮಾಡುತ್ತದೆ. ಯಜಮಾನರು ನೋಡಿ "ದೀಪ ಇದೆ, ಬೆಳಕಿಲ್ಲ ಅಲ್ವಾ ಮಗಳೇ" ಅಂದರು.

ಈಗಿನ ಸೆಟ್ಟಿಂಗ್: ಗೋಳಕ್ಕೆ `Emission`, `Strength` 50. ಡೌನ್‌ಲೈಟ್ ಆರೂ `Spot`, ಪೆಟ್ಟಿಗೆ ಮೇಲೆ ಇರುವ ಹಾಗೆ 9 ವ್ಯಾಟ್, `Spot Size` 36 ಡಿಗ್ರಿ. ವ್ಯೂ ಟ್ರಾನ್ಸ್‌ಫಾರ್ಮ್ `Standard`.

ಪ್ರಜ್ವಲ್, ಕುಶಾಲನಗರ

ಮೊದಲು `Standard` ತೆಗೆದು `AgX` ಹಾಕಿ. `Standard`ನಲ್ಲಿ 1 ದಾಟಿದ್ದೆಲ್ಲ ಒಂದೇ ಬಿಳಿ ಆಗಿ ಕತ್ತರಿಸಿ ಹೋಗುತ್ತದೆ, ಗೋಳ ಚಪ್ಪಟೆ ಕಾಣುವುದು ಅದಕ್ಕೇ.

ಎರಡನೆಯದು, `Glare`ನಲ್ಲಿ `Threshold` ಇನ್ನೂ ಕಡಿಮೆ ಮಾಡಿ, ಗ್ಲೋ ಚೆನ್ನಾಗಿ ಹರಡುತ್ತದೆ. ಜೊತೆಗೆ ಕೋಣೆ ಪೂರ್ತಿ ಒಂದು ಕ್ಯೂಬ್ ಇಟ್ಟು `Volume Scatter` ಕೊಡಿ. ಕೊಡಗಿನ ಮಳೆಗಾಲ ಅಂದ ಮೇಲೆ ಗಾಳಿಯಲ್ಲಿ ಮಂಜು ಇದ್ದೇ ಇರುತ್ತದೆ, ದೀಪದ ಸುತ್ತ ಪ್ರಭೆ ತಾನಾಗೇ ಬರುತ್ತದೆ. ಡೌನ್‌ಲೈಟ್ ಕೆಳಗೆ ಬೆಳಕಿನ ಕಂಬವೂ ಕಾಣುತ್ತದೆ, ನೋಡೋಕೆ ಸಖತ್ತಾಗಿರುತ್ತದೆ.

ಇಬ್ರಾಹಿಂ ಎಲೆಕ್ಟ್ರಿಕಲ್ಸ್, ನಾಪೋಕ್ಲು

ರಶ್ಮಿಯವರೇ, ಡೌನ್‌ಲೈಟ್ ಹಚ್ಚಿದರೂ ಕೆಳಗೆ ಬೆಳಕು ಬೀಳುತ್ತಿಲ್ಲ ಅಂದರೆ ಡ್ರೈವರ್ ಹೋಗಿರಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಡ್ರೈವರ್ ಬೇಗ ಕೆಡುತ್ತವೆ. ಇಲ್ಲದಿದ್ದರೆ ಅಗಲ ಬೀಮ್‌ನ ಪ್ಯಾನೆಲ್ ಲೈಟ್ ಹಾಕಿಸಿದ್ದಾರೆ ಅಂತ ಅರ್ಥ. ಅದರಲ್ಲಿ ವೃತ್ತ ಬೀಳುವುದೇ ಇಲ್ಲ, ಎಲ್ಲಾ ಕಡೆ ಸಮ ಬೆಳಕು. ವೃತ್ತ ಬೇಕು ಅಂದರೆ ಒಳಗೆ ಕಪ್ಪು ರಿಫ್ಲೆಕ್ಟರ್ ಇರುವ ಸಿಒಬಿ ಹಾಕಿಸಿ, 24 ಅಥವಾ 36 ಡಿಗ್ರಿ. ಗೋಡೆಗೆ ತುಂಬಾ ಹತ್ತಿರ ತೂತು ಕೊರೆಯಬೇಡಿ, ಗೋಡೆಯ ಮೇಲೆ ಬೆಳಕು ಗೆರೆ ಗೆರೆಯಾಗಿ ಬೀಳುತ್ತದೆ. ಗಾರೆ ಕೆಲಸದ ಉಬ್ಬುತಗ್ಗು ಎಲ್ಲಾ ಎದ್ದು ಕಾಣುತ್ತದೆ.

ರಶ್ಮಿ, ವಿರಾಜಪೇಟೆ

ಇಬ್ರಾಹಿಂ ಅಣ್ಣ, ಇದು ಕಂಪ್ಯೂಟರ್‌ನಲ್ಲಿ ಮಾಡುವ ಚಿತ್ರ, ಕೋಣೆ ಇನ್ನೂ ಕಟ್ಟಿಲ್ಲ. ಆದರೆ ಕಪ್ಪು ರಿಫ್ಲೆಕ್ಟರ್ ವಿಷಯ ಚೆನ್ನಾಗಿ ಹೇಳಿದಿರಿ. ಯಜಮಾನರು ತರಿಸುವುದೂ ಅಂಥದ್ದೇ, 36 ಡಿಗ್ರಿ.

ಪ್ರಜ್ವಲ್, `AgX` ಹಾಕಿದೆ. ಗೋಳ ಸ್ವಲ್ಪ ಮೃದು ಆಯಿತು, ಆದರೆ ಡೌನ್‌ಲೈಟ್ ವೃತ್ತ ಈಗಲೂ ಇಲ್ಲ. `Threshold` ಇಳಿಸಿದರೆ ಗೋಡೆ ಇನ್ನೂ ಜಾಸ್ತಿ ಹೊಳೆಯುತ್ತದೆ.

ನೀಲಮ್ಮ, ಮಡಿಕೇರಿ

ರಶ್ಮಿ, ನೀನು ಸಂಖ್ಯೆಗಳನ್ನು ಬರೆದದ್ದು ಒಳ್ಳೆಯದಾಯಿತು. ತೊಂದರೆ ಅಲ್ಲೇ ಇದೆ. ಗ್ಲೋ ಆಮೇಲೆ ನೋಡೋಣ, ಮೊದಲು ದೀಪಗಳ ನಡುವಿನ ಅನುಪಾತ ಸರಿ ಮಾಡಬೇಕು.

ಬ್ಲೆಂಡರ್‌ನ ವ್ಯಾಟ್ ಅಂದರೆ ಮೀಟರ್ ಓಡಿಸುವ ವ್ಯಾಟ್ ಅಲ್ಲ, ಹೊರಗೆ ಬರುವ ಬೆಳಕಿನ ಶಕ್ತಿ. 800 ಲ್ಯೂಮೆನ್ ಕೊಡುವ ಎಲ್‌ಇಡಿ ಬಲ್ಬ್ ಅಂಗಡಿಯಲ್ಲಿ 8–9 ವ್ಯಾಟ್. ಬ್ಲೆಂಡರ್‌ನಲ್ಲಿ ಅದನ್ನು `Point` ದೀಪವಾಗಿ ಇಟ್ಟರೆ ಸುಮಾರು 2 ವ್ಯಾಟ್ ಸಾಕು.

ಈಗ ನಿನ್ನ ಗೋಳ ನೋಡು. ತ್ರಿಜ್ಯ 0.1 ಮೀಟರ್, ಮೇಲ್ಮೈ ಸುಮಾರು 0.126 ಚದರ ಮೀಟರ್. ಮೆಶ್‌ಗೆ `Emission` ಕೊಟ್ಟರೆ ಹೊರಬೀಳುವ ಒಟ್ಟು ಶಕ್ತಿ ಅಂದರೆ ಮೇಲ್ಮೈ ಗುಣಿಸು `Strength` ಗುಣಿಸು 3.14. ನಿನ್ನ 50ಕ್ಕೆ ಅದು ಹತ್ತಿರ ಹತ್ತಿರ 20 ವ್ಯಾಟ್ ಆಗುತ್ತದೆ. ಒಂದು ಸಾಧಾರಣ ಬಲ್ಬಿಗೆ ಬೇಕಾದ್ದಕ್ಕಿಂತ ಹತ್ತು ಪಟ್ಟು. ಅದನ್ನು 5ಕ್ಕೆ ಇಳಿಸು.

ಡೌನ್‌ಲೈಟ್‌ನದು ಉಲ್ಟಾ ಕಥೆ. ನಿಜವಾದ ಡೌನ್‌ಲೈಟ್‌ನಲ್ಲಿ ರಿಫ್ಲೆಕ್ಟರ್ ಬೆಳಕನ್ನೆಲ್ಲ ಒಟ್ಟುಮಾಡಿ ಕೆಳಕ್ಕೆ ತಳ್ಳುತ್ತದೆ. ಬ್ಲೆಂಡರ್‌ನ `Spot` ಹಾಗೆ ಮಾಡುವುದಿಲ್ಲ. ಅದು ಎಲ್ಲಾ ದಿಕ್ಕಿಗೂ ಉರಿಯುವ ಬಲ್ಬನ್ನೇ ಇಟ್ಟುಕೊಂಡು, ಕೋನದ ಆಚೆಯ ಬೆಳಕನ್ನು ಎಸೆದುಬಿಡುತ್ತದೆ. ಕೋನ ಚಿಕ್ಕದು ಮಾಡಿದರೆ ಮಧ್ಯದ ಬೆಳಕು ಒಂದು ಚೂರೂ ಜಾಸ್ತಿ ಆಗುವುದಿಲ್ಲ. 700 ಲ್ಯೂಮೆನ್ ಎಲ್ಲಾ ಕಡೆ ಹರಡಿದರೆ ಒಂದು ದಿಕ್ಕಿಗೆ ಸಿಗುವುದು ಬರೀ 56 ಕ್ಯಾಂಡೆಲಾ. ಅದೇ 700 ಲ್ಯೂಮೆನ್ 36 ಡಿಗ್ರಿ ರಿಫ್ಲೆಕ್ಟರ್‌ನಲ್ಲಿ ಬಂದರೆ ಮಧ್ಯದಲ್ಲಿ 1500 ಕ್ಯಾಂಡೆಲಾ ಆಸುಪಾಸು. ಇಪ್ಪತ್ತೈದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಆದ್ದರಿಂದ ಗೋಳದ 2 ವ್ಯಾಟ್‌ಗೆ ಹೊಂದುವ ಹಾಗೆ ಒಂದೊಂದು `Spot`ಗೂ 45–50 ವ್ಯಾಟ್ ಕೊಡಬೇಕು.

ಅಂದರೆ ನಿನ್ನ ದೃಶ್ಯದಲ್ಲಿ ಗೋಳ ಹತ್ತು ಪಟ್ಟು ಜಾಸ್ತಿ, ಡೌನ್‌ಲೈಟ್ ಐದು ಪಟ್ಟು ಕಡಿಮೆ. ಎರಡೂ ಸೇರಿ ಐವತ್ತು ಪಟ್ಟು ಎಡವಟ್ಟು. ಗೋಳದ ಬೆಳಕು ನೆಲದ ಮೇಲೆಲ್ಲ ತುಂಬಿಕೊಂಡಿದೆ, ಡೌನ್‌ಲೈಟ್ ಬೀಳಿಸುವ ವೃತ್ತ ಅದರಲ್ಲಿ ಮುಳುಗಿ ಹೋಗಿದೆ. ಎಲ್ಲಾ ಒಟ್ಟಿಗೆ ಏರಿಸಿದರೆ ಕೋಣೆ ಬಿಳುಚಿಕೊಳ್ಳದೆ ಇನ್ನೇನಾಗುತ್ತದೆ?

ದೃಶ್ಯದಲ್ಲಿರುವ ದೀಪಗಳ ಪವರ್ ಒಂದೇ ಕಡೆ ನೋಡಲು ಪೈಥಾನ್ ಕನ್ಸೋಲ್‌ನಲ್ಲಿ ಇದನ್ನು ಹಾಕು:

```python
import bpy
for l in bpy.data.lights:
    print(l.name, l.type, l.energy)
```

ಮೆಶ್ ದೀಪಗಳು ಇದರಲ್ಲಿ ಬರುವುದಿಲ್ಲ, ಅವನ್ನು ಮೇಲಿನ ಲೆಕ್ಕದಲ್ಲೇ ನೋಡಬೇಕು.

ಇಷ್ಟು ಮಾಡಿದ ಮೇಲೆ ಚಿತ್ರ ತುಂಬಾ ಕತ್ತಲೆಯಾಗಿ ಬರುತ್ತದೆ. ಹೆದರಬೇಡ, ದೀಪ ಮುಟ್ಟಲೂ ಬೇಡ. `Color Management`ನಲ್ಲಿ `Exposure` ಏರಿಸು, +4ರಿಂದ ಶುರು ಮಾಡು. ಸಂಜೆ ಹೊತ್ತಿನ ಕೋಣೆಗೆ ಕ್ಯಾಮೆರಾ ಹಿಡಿಯುವವರೂ ಎಕ್ಸ್‌ಪೋಶರ್ ತಾನೇ ಬದಲಿಸುವುದು.

ಪ್ರಜ್ವಲ್, ಕುಶಾಲನಗರ

ನೀಲಮ್ಮಕ್ಕ, ಇಷ್ಟು ಲೆಕ್ಕ ಬೇಕಾ? ಕಣ್ಣಿಗೆ ಸರಿ ಕಂಡರೆ ಆಯಿತಲ್ಲ. ನಾನು ವೃತ್ತ ಬೇಕಾದ ಕಡೆ ಸುಮ್ನೆ ಒಂದು ಎಕ್ಸ್‌ಟ್ರಾ ಸ್ಪಾಟ್ ಇಡುತ್ತೇನೆ.

ನೀಲಮ್ಮ, ಮಡಿಕೇರಿ

ಒಂದು ಚಿತ್ರಕ್ಕೆ ಕಣ್ಣಳತೆ ಸಾಕು ಪ್ರಜ್ವಲ್. ಆದರೆ ರಶ್ಮಿ ಅದೇ ಕೋಣೆಯನ್ನು ಇನ್ನೊಂದು ಮೂಲೆಯಿಂದ ತೆಗೆಯುತ್ತಾಳೆ, ಯಜಮಾನರು ಡೌನ್‌ಲೈಟ್ ಆರು ಬೇಡ ನಾಲ್ಕು ಸಾಕು ಅನ್ನುತ್ತಾರೆ. ಆಗ ಕಣ್ಣಳತೆಯ ದೃಶ್ಯ ಪ್ರತಿ ಸಲವೂ ಮೊದಲಿನಿಂದ. ಅನುಪಾತ ಸರಿ ಇದ್ದರೆ ಒಂದು ದೀಪ ತೆಗೆದಾಗ ಕೋಣೆ ಎಷ್ಟು ಕಪ್ಪಾಗುತ್ತದೆ ಅನ್ನುವುದನ್ನೂ ಚಿತ್ರವೇ ತೋರಿಸುತ್ತದೆ. ಯಜಮಾನರಿಗೆ ಬೇಕಾದ ಉತ್ತರ ಅದೇ.

ರಶ್ಮಿ, ವಿರಾಜಪೇಟೆ

ಅಕ್ಕಾ, ಗೋಳ 5, `Spot` 48, `Exposure` +4.2. ವೃತ್ತ ಬಂತು! ಟೇಬಲ್ ಮೇಲೂ ಬಂತು. ತುಂಬಾ ಖುಷಿಯಾಯಿತು.

ಆದರೆ ವೃತ್ತದ ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ಚೂಪಾಗಿದೆ. ನೆಲದ ಮೇಲೆ ಅಳೆದರೆ ವೃತ್ತ 1.75 ಮೀಟರ್. ಲೆಕ್ಕಕ್ಕೆ ಸರಿ ಇದೆ, ನೋಡಲು ಸುಳ್ಳು ಅನ್ನಿಸುತ್ತದೆ. ಇನ್ನೊಂದು, ಬೀಟೆ ಗೋಡೆಯ ಮೇಲೆ ಕಮಾನು ಬೀಳುತ್ತದೆ ಅಂದುಕೊಂಡಿದ್ದೆ. ಅಲ್ಲಿ ಏನೂ ಇಲ್ಲದಷ್ಟು ಮಂಕು.

ನೀಲಮ್ಮ, ಮಡಿಕೇರಿ

ಪೆಟ್ಟಿಗೆ ಮೇಲೆ 36 ಡಿಗ್ರಿ ಅಂತ ಬರೆದಿರುವುದು ಬೆಳಕು ಮುಗಿಯುವ ಜಾಗ ಅಲ್ಲ. ಮಧ್ಯದಲ್ಲಿರುವ ಬೆಳಕು ಎಲ್ಲಿ ಅರ್ಧಕ್ಕೆ ಇಳಿಯುತ್ತದೋ ಆ ಕೋನ. ಅದರಾಚೆಗೂ ಬೆಳಕು ಇರುತ್ತದೆ, ಮೆಲ್ಲಗೆ ಕಡಿಮೆ ಆಗುತ್ತಾ ಹೋಗುತ್ತದೆ. ಬ್ಲೆಂಡರ್‌ನ `Spot Size` ಮಾತ್ರ ಬೆಳಕು ಪೂರ್ತಿ ಸೊನ್ನೆ ಆಗುವ ಕೋನ. ಪೆಟ್ಟಿಗೆಯ ಸಂಖ್ಯೆಯನ್ನು ಹಾಗೇ ಹಾಕಿದ್ದಕ್ಕೆ ಅಂಚು ಕತ್ತರಿಸಿದಂತೆ ಬಂತು. `Spot Size` 50 ಮಾಡು, `Blend` 1 ಮಾಡು. ಆಗ ಅರ್ಧ ಬೆಳಕಿನ ಜಾಗ ಸರಿಸುಮಾರು 36 ಡಿಗ್ರಿಗೆ ಬಂದು ಕೂರುತ್ತದೆ, ಅಂಚು ಕರಗುತ್ತದೆ. `Radius` 3 ಸೆಂ.ಮೀ. ಹತ್ತಿರ ಇರಲಿ, ಕುರ್ಚಿ ನೆರಳಿನ ಅಂಚೂ ಆಗ ನಂಬುವ ಹಾಗಿರುತ್ತದೆ.

ಇನ್ನೂ ನಿಖರವಾಗಿ ಬೇಕು ಅಂದರೆ ಯಜಮಾನರು ಆರಿಸಿದ ಮಾಡೆಲ್‌ಗೆ ಕಂಪನಿಯ ಜಾಲತಾಣದಲ್ಲಿ ಐಇಎಸ್ ಫೈಲ್ ಸಿಗುತ್ತದಾ ನೋಡು. `IES Texture` ನೋಡ್‌ನ `Fac` ಅನ್ನು ದೀಪದ `Emission` ನೋಡ್‌ನ `Strength`ಗೆ ಜೋಡಿಸು. ಇದಕ್ಕೆ `Spot` ಬೇಡ, `Point` ದೀಪ ಇಡಬೇಕು, ಯಾಕೆಂದರೆ ಆಕಾರ ಫೈಲ್‌ನಲ್ಲೇ ಇದೆ. ಆ ದೀಪವನ್ನು ನೀನು ಮಾಡೆಲ್ ಮಾಡಿದ ಡಬ್ಬಿಯ ಒಳಗೆ ಇಡಬೇಡ, ಬಾಯಿಂದ ಒಂದೆರಡು ಸೆಂ.ಮೀ. ಕೆಳಗೆ ಇಡು. ರಿಫ್ಲೆಕ್ಟರ್ ಬೆಳಕನ್ನು ಹೇಗೆ ಕತ್ತರಿಸುತ್ತದೆ ಅನ್ನುವುದು ಫೈಲ್‌ನಲ್ಲಿ ಆಗಲೇ ಸೇರಿದೆ. ಡಬ್ಬಿಯೊಳಗೆ ಇಟ್ಟರೆ ಎರಡು ಸಲ ಕತ್ತರಿಸಿದ ಹಾಗಾಗುತ್ತದೆ. ಇದು ಸೈಕಲ್ಸ್‌ನಲ್ಲಿ ಮಾತ್ರ ನಡೆಯುತ್ತದೆ, ಈವಿಯಲ್ಲಿ ಇಲ್ಲ.

ಬೀಟೆ ಗೋಡೆಯ ವಿಷಯ. ಡೌನ್‌ಲೈಟ್ ಗೋಡೆಯಿಂದ ಎಷ್ಟು ದೂರ ಇದೆ?

ರಶ್ಮಿ, ವಿರಾಜಪೇಟೆ

30 ಸೆಂ.ಮೀ. ಎರಡೂ ಗೋಡೆಗೂ ಅಷ್ಟೇ.

ನೀಲಮ್ಮ, ಮಡಿಕೇರಿ

ಹಾಗಾದರೆ 36 ಡಿಗ್ರಿ ಬೀಮ್ ಗೋಡೆಗೆ ತಾಗುವುದು ಸೀಲಿಂಗ್‌ನಿಂದ ಸುಮಾರು 92 ಸೆಂ.ಮೀ. ಕೆಳಗೆ. ಕಮಾನಿನ ತಲೆ ಅಲ್ಲಿಂದ ಶುರುವಾಗಬೇಕು. ಬಿಳಿ ಗೋಡೆಯಲ್ಲಿ ಅಳೆದು ನೋಡು, ಅದರ ಹತ್ತಿರ ಇದ್ದರೆ ದೀಪ ಸರಿ ಇದೆ. ಸೀಲಿಂಗ್‌ಗೆ ಅಂಟಿಕೊಂಡು ಕಮಾನು ಶುರುವಾಗಿದ್ದರೆ ಕೋನ ಅಗಲವಾಗಿದೆ ಅಂತ ತಿಳಿದುಕೋ.

ಬೀಟೆಯಲ್ಲಿ ಕಾಣದಿರುವುದು ದೀಪದ ತೊಂದರೆ ಅಲ್ಲ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಷ್ಟು ವಾಪಸ್ ಕೊಡುತ್ತದೆ. ಹಳೇ ಬೀಟೆ 10 ಕೊಟ್ಟರೆ ಹೆಚ್ಚು. ಅದೇ ದೀಪ, ಅದೇ ದೂರ, ಆದರೆ ಕಮಾನು ಎಂಟು ಪಟ್ಟು ಮಂಕು. ನಿಜವಾದ ಮನೆಯಲ್ಲೂ ಹಾಗೇ ಇರುತ್ತದೆ. ರೆಡ್ ಆಕ್ಸೈಡ್ ನೆಲವೂ ಅಷ್ಟೇ, ಕಡು ಬಣ್ಣ, ಮೇಲೆ ಪಾಲಿಶ್. ಅಲ್ಲಿ ವೃತ್ತಕ್ಕಿಂತ ಜಾಸ್ತಿ ಕಾಣಬೇಕಾದ್ದು ಗೋಳದ ಪ್ರತಿಬಿಂಬ, ಉದ್ದಕ್ಕೆ ಎಳೆದ ಹಾಗೆ. ನೆಲದ `Roughness` 0.2–0.3ರಲ್ಲಿ ಇಟ್ಟು ನೋಡು. ಇದನ್ನು ಬಿಟ್ಟು ನೆಲದಲ್ಲಿ ದೊಡ್ಡ ಬಿಳಿ ವೃತ್ತ ಬರಲೇಬೇಕು ಅಂತ ಪವರ್ ಏರಿಸಿದರೆ ಟೇಬಲ್ ಬಟ್ಟೆ ಸುಟ್ಟು ಬಿಳಿಯಾಗುತ್ತದೆ.

ಇಬ್ರಾಹಿಂ ಎಲೆಕ್ಟ್ರಿಕಲ್ಸ್, ನಾಪೋಕ್ಲು

ನೀಲಮ್ಮಕ್ಕ ಹೇಳಿದ್ದು ಸರಿ. ಬೀಟೆ ಗೋಡೆ ಇರುವ ಹಳೇ ಮನೆಗಳಲ್ಲಿ ನಾನು ಎಷ್ಟೇ ಲೈಟ್ ಹಾಕಿಕೊಟ್ಟರೂ ಕತ್ತಲೆ ಅಂತಲೇ ಹೇಳುತ್ತಾರೆ. ಅಲ್ಲಿ ಮರಕ್ಕೆ ಬೆಳಕು ಬಿಡುವುದಕ್ಕಿಂತ ಸೀಲಿಂಗ್‌ಗೆ ಬಿಟ್ಟರೆ ಮನೆ ಬೆಳಗುತ್ತದೆ. ಇನ್ನೊಂದು ಮಾತು. ಕಪ್ಪು ರಿಫ್ಲೆಕ್ಟರ್‌ನ ಸಿಒಬಿ ಅಂದಿರಲ್ಲ, ಅದು ದೂರದಿಂದ ನೋಡಿದರೆ ಉರಿಯುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಚಿತ್ರದಲ್ಲಿ ಬೆಳ್ಳಗೆ ಕಾಣುತ್ತವೆ ಅಂತ ಬರೆದಿದ್ದೀರಿ. ಆ ಥರ ಲೈಟ್ ನಾನು ನೋಡಿಲ್ಲ.

ನೀಲಮ್ಮ, ಮಡಿಕೇರಿ

ಇಬ್ರಾಹಿಂ, ನಾನು ಮುಂದೆ ಬರೆಯಬೇಕು ಅಂತಿದ್ದ ವಿಷಯವನ್ನೇ ನೀವು ಹಿಡಿದಿರಿ.

ರಶ್ಮಿ, ಸೀಲಿಂಗ್‌ನಲ್ಲಿರುವ ಆ ಬಿಳಿ ಬಿಲ್ಲೆಗಳನ್ನು ತೆಗೆ. ಈ ಥರದ ಡೌನ್‌ಲೈಟ್‌ನಲ್ಲಿ ಚಿಪ್ ಆಳದಲ್ಲಿರುತ್ತದೆ. ಕೋಣೆಯ ಆ ಕಡೆ ನಿಂತು ಓರೆಯಾಗಿ ನೋಡಿದರೆ ಕಾಣುವುದು ಕಪ್ಪು ಗೋಡೆ ಮಾತ್ರ, ಅಂಚಿನಲ್ಲಿ ಒಂದು ಸಣ್ಣ ಬೆಳಕಿನ ಗೆರೆ ಇದ್ದರೆ ಇರಬಹುದು. ಪೆಂಡೆಂಟ್ ಕಣ್ಣಿಗೆ ನೇರ ಕಾಣುವ ದೀಪ, ಅದಕ್ಕೆ ಗ್ಲೋ ಇರಬೇಕು. ಡೌನ್‌ಲೈಟ್ ತನ್ನನ್ನು ತೋರಿಸಿಕೊಳ್ಳುವುದಿಲ್ಲ, ಕೆಳಗೆ ವೃತ್ತ ಬೀಳಿಸುತ್ತದೆ, ಅದಕ್ಕೆ ಗ್ಲೋ ಇರಬಾರದು. ಸೀಲಿಂಗ್‌ನ ಎಲ್ಲಾ ತೂತುಗಳೂ ಹೊಳೆಯುತ್ತಿದ್ದರೆ ಆ ಚಿತ್ರ ಸುಳ್ಳು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಡಬ್ಬಿಯನ್ನು 5–6 ಸೆಂ.ಮೀ. ಆಳಕ್ಕೆ ಮಾಡೆಲ್ ಮಾಡು, ಒಳಗೆ ಕಪ್ಪು ಮಟೀರಿಯಲ್ ಕೊಡು, ಬಿಲ್ಲೆಯನ್ನು ತಳದಲ್ಲಿ ಇಡು. ಕ್ಯಾಮೆರಾಗೆ ಕಾಣಬೇಕಾದಷ್ಟು ತಾನಾಗೇ ಕಾಣುತ್ತದೆ.

ಈಗ ಗೋಳದ ಗ್ಲೋ. 800 ಲ್ಯೂಮೆನ್ ಆ ಗೋಳದಿಂದ ಬಂದರೆ ಅದರ ಮೇಲ್ಮೈಯ ಹೊಳಪು ಚದರ ಮೀಟರಿಗೆ 2000 ಕ್ಯಾಂಡೆಲಾ. 100 ಲಕ್ಸ್ ಬೆಳಕು ಬಿದ್ದ ಬಿಳಿ ಗೋಡೆಯದು ಸುಮಾರು 25. ಅಂದರೆ ಗೋಳ ಗೋಡೆಗಿಂತ 80 ಪಟ್ಟು ಹೊಳೆಯುತ್ತದೆ. ಕಣ್ಣಿನಲ್ಲಿ, ಲೆನ್ಸಿನಲ್ಲಿ ಆ ಬೆಳಕಿನ ಒಂದು ಸಣ್ಣ ಪಾಲು ಪಕ್ಕಕ್ಕೆ ಚದುರುತ್ತದೆ. 80 ಪಟ್ಟು ಇರುವುದರ ಸಣ್ಣ ಪಾಲೂ ಗೋಡೆಯ ಎದುರು ಎದ್ದು ಕಾಣುತ್ತದೆ. ನಾವು ಗ್ಲೋ ಅನ್ನುವುದು ಅದನ್ನೇ. ಗೋಡೆಗೂ ಚದುರುವಿಕೆ ಇದೆ, ಆದರೆ ಕಾಣುವಷ್ಟಿಲ್ಲ.

`Glare` ನೋಡ್ ಮಾಡುವುದೂ ಇದೇ ಕೆಲಸ, ಅದರ ಕೈಗೆ ಈ 80 ಪಟ್ಟು ವ್ಯತ್ಯಾಸ ಸಿಗಬೇಕು ಅಷ್ಟೇ. ಮೊದಲು ನಿನ್ನ ದೃಶ್ಯದಲ್ಲಿ ಗೋಡೆಯೇ 1 ದಾಟಿತ್ತು, `Threshold` 1 ಇದ್ದಾಗ ಗೋಡೆಯೂ ಒಳಗೆ ಬಂತು. ಪ್ರಜ್ವಲ್ ಹೇಳಿದ ಹಾಗೆ ಇನ್ನೂ ಇಳಿಸಿದರೆ ಟೇಬಲ್ ಬಟ್ಟೆಯೂ ಬರುತ್ತದೆ. ಈಗ ಗೋಳ 5, ಗೋಡೆ 1ಕ್ಕಿಂತ ಬಹಳ ಕೆಳಗೆ. `Color Management`ನ `Exposure` ಕಂಪಾಸಿಟರ್ ಆದ ಮೇಲೆ ಸೇರುವುದರಿಂದ ಈ ಲೆಕ್ಕ ಕೆಡುವುದಿಲ್ಲ. `Threshold` 1ರಲ್ಲೇ ಬಿಡು, `Fog Glow` ಆರಿಸು, `Mix` -0.9 ಹತ್ತಿರ ಇಡು. ಡಿನಾಯ್ಸ್ ಆದ ಮೇಲೆ `Glare` ಬರಲಿ. ಮೊದಲೇ ಹಾಕಿದರೆ ಒಂದೊಂದು ಚುಕ್ಕಿಯೂ ತನ್ನ ಸುತ್ತ ಒಂದು ಪ್ರಭೆ ಕಟ್ಟಿಕೊಳ್ಳುತ್ತದೆ.

ಚಂದ್ರು, ಸೋಮವಾರಪೇಟೆ

ನಾನು ರೆಂಡರ್ ಅನ್ನು ಪಿಎನ್‌ಜಿ ಮಾಡಿ ಫೋಟೋಶಾಪ್‌ನಲ್ಲಿ ಗ್ಲೋ ಹಾಕುತ್ತೇನೆ. ಎಷ್ಟೋ ಸಲ ಕಿಟಕಿ, ಗೋಡೆ, ದೀಪ ಮೂರೂ ಒಂದೇ ಥರ ಹೊಳೆಯುತ್ತವೆ, ಬ್ರಶ್ ಹಿಡಿದು ಅಳಿಸಬೇಕು. ಅದಕ್ಕೂ ಇದೇ ಕಾರಣನಾ?

ನೀಲಮ್ಮ, ಮಡಿಕೇರಿ

ಅದೇ ಕಾರಣ. ಪಿಎನ್‌ಜಿಗೆ ಹೋಗುವ ಹೊತ್ತಿಗೆ ಗೋಳವೂ 255, ಕಿಟಕಿಯೂ 250, ಯಾವುದು ದೀಪ ಅಂತ ಫೋಟೋಶಾಪ್‌ಗೆ ಗೊತ್ತಾಗುವ ದಾರಿಯೇ ಇಲ್ಲ. `OpenEXR`ನಲ್ಲಿ ಉಳಿಸಿ. ಆಗ 5 ಅಂದರೆ 5 ಆಗಿಯೇ ಇರುತ್ತದೆ. ಗ್ಲೋ ಹಾಕಿ ಮುಗಿದ ಮೇಲೆ ಕೊನೆಗೆ ಪಿಎನ್‌ಜಿ ಮಾಡಿ.

ಹೋಂಸ್ಟೇ ಮನೆ, ಗಾಳಿಬೀಡು

ನಮಸ್ಕಾರ, ನಾನು ರೆಂಡರ್ ಮಾಡುವವಳಲ್ಲ, ಮಾಡಿಸಿಕೊಂಡವಳು. ನಮ್ಮ ಹೋಂಸ್ಟೇ ಚಿತ್ರದಲ್ಲಿ ದೀಪ ಎಲ್ಲಾ ಕಿತ್ತಳೆ ಬಣ್ಣ. ಗೋಡೆ, ಹಾಸಿಗೆ, ಸೀಲಿಂಗ್ ಎಲ್ಲಾ ಕಿತ್ತಳೆ. ಅದನ್ನೇ ನೋಡಿ ಬಣ್ಣ ಆರಿಸಿದೆವು. ಕೆಲಸ ಮುಗಿದ ಮೇಲೆ ಗೋಡೆ ಬೇರೆಯೇ ಕಂಡಿತು. ಮಾಡಿಕೊಟ್ಟವರು ವಾರ್ಮ್ ವೈಟ್ 2700 ಅಂದರೆ ಹೀಗೇ ಅಂದರು. ಅದೇ ಬಲ್ಬ್ ನಮ್ಮ ಮನೆಯಲ್ಲಿ ಈಗ ಉರಿಯುತ್ತಿದೆ, ಅಷ್ಟು ಕಿತ್ತಳೆ ಇಲ್ಲ.

ನೀಲಮ್ಮ, ಮಡಿಕೇರಿ

ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. 2700 ಕೆಲ್ವಿನ್ ದೀಪದ ಕೆಳಗೆ ಸ್ವಲ್ಪ ಹೊತ್ತು ಕೂತರೆ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ. ಬಿಳಿ ಗೋಡೆ ಬಿಳಿಯಾಗಿಯೇ ಕಾಣುತ್ತದೆ, ಸ್ವಲ್ಪ ಬೆಚ್ಚಗೆ ಅಷ್ಟೇ. ಸಾಫ್ಟ್‌ವೇರ್ 6500 ಅನ್ನು ಬಿಳಿ ಅಂದುಕೊಂಡು ಕೂತಿರುತ್ತದೆ, ಹಾಗಾಗಿ 2700 ಪೂರ್ತಿ ಕಿತ್ತಳೆ ಆಗುತ್ತದೆ.

ರಶ್ಮಿ, ಇದು ನಿನಗೂ ಬೇಕು. 4.3ರಲ್ಲಿ `Color Management` ಕೆಳಗೆ `White Balance` ಬಂದಿದೆ. ಅದನ್ನು 3800 ಹತ್ತಿರ ಇಡು. ಪೂರ್ತಿ 2700ಕ್ಕೆ ಇಳಿಸಬೇಡ, ಹಾಗೆ ಮಾಡಿದರೆ ದೀಪದ ಬೆಚ್ಚಗಿನ ಬಣ್ಣವೇ ಹೋಗುತ್ತದೆ. 3800ರಲ್ಲಿ ಗೋಳ ಬೆಣ್ಣೆ ಬಣ್ಣ ಉಳಿಸಿಕೊಳ್ಳುತ್ತದೆ, ಕಿಟಕಿಯಾಚೆಯ ಮಂಜು ತಾನಾಗೇ ನೀಲಿಗೆ ತಿರುಗುತ್ತದೆ. ನಿನ್ನ ಯಜಮಾನರು ಕೇಳಿದ ಸಂಜೆ ಅದೇ. ಕಿಟಕಿಯ ಬೆಳಕು ಮಾತ್ರ ಕಡಿಮೆ ಇರಲಿ. ಹೊರಗೆ ಹಗಲಿನಷ್ಟು ಬೆಳಕು ಇಟ್ಟರೆ ಡೌನ್‌ಲೈಟ್ ವೃತ್ತಗಳು ನಿಜವಾದ ಕೋಣೆಯಲ್ಲೂ ಕಾಣುವುದಿಲ್ಲ, ರೆಂಡರ್‌ನಲ್ಲೂ ಕಾಣುವುದಿಲ್ಲ.

ರಶ್ಮಿ, ವಿರಾಜಪೇಟೆ

`White Balance` ಹಾಕಿದ ಕೂಡಲೇ ಚಿತ್ರವೇ ಬದಲಾಯಿತು ಅಕ್ಕಾ. ಬಿಲ್ಲೆ ತೆಗೆದೆ. ಸೀಲಿಂಗ್ ಶಾಂತವಾಗಿದೆ, ಕಣ್ಣು ನೇರ ಗೋಳಕ್ಕೆ ಹೋಗುತ್ತದೆ.

ಉಳಿದಿರುವುದು ಶಾಂಡ್ಲಿಯರ್. ಹನ್ನೆರಡು ಮೇಣದಬತ್ತಿ ಆಕಾರದ ಬಲ್ಬ್, ತಿಳಿಗಾಜು, ಒಳಗೆ ಫಿಲಮೆಂಟ್ ಮಾದರಿಯ ಎಲ್‌ಇಡಿ. ಫಿಲಮೆಂಟ್‌ಗೆ `Emission` ಕೊಟ್ಟಿದ್ದೇನೆ, ಹೊರಗೆ `Glass BSDF`. ಹಜಾರ ಪೂರ್ತಿ ಕತ್ತಲೆ, ಗೋಡೆಯ ತುಂಬ ಬಿಳಿ ಚುಕ್ಕಿ.

ಪ್ರಜ್ವಲ್, ಕುಶಾಲನಗರ

ಇದು ನನಗೆ ಗೊತ್ತು. `Glass BSDF` ನೆರಳಿನ ಕಿರಣಗಳನ್ನು ತಡೆಯುತ್ತದೆ, ಹಾಗಾಗಿ ಫಿಲಮೆಂಟ್‌ನಿಂದ ಬೆಳಕು ನೇರ ಹೊರಗೆ ಬರುವುದಿಲ್ಲ, ಅಕಸ್ಮಾತ್ ತಪ್ಪಿಸಿಕೊಂಡು ಬಂದದ್ದೇ ಆ ಚುಕ್ಕಿಗಳು. `Mix Shader` ಹಾಕಿ, ಒಂದು ಕಡೆ `Glass BSDF`, ಇನ್ನೊಂದು ಕಡೆ `Transparent BSDF`, `Light Path` ನೋಡ್‌ನ `Is Shadow Ray` ಅನ್ನು `Fac`ಗೆ ಕೊಡಿ. ಕ್ಯಾಮೆರಾಗೆ ಗಾಜು ಗಾಜಾಗಿಯೇ ಕಾಣುತ್ತದೆ, ಬೆಳಕು ಮಾತ್ರ ತಡೆಯಿಲ್ಲದೆ ಹೊರಗೆ ಬರುತ್ತದೆ. `Transparent` ಕೆಳಗಿನ ಸಾಕೆಟ್‌ಗೆ ಬರಬೇಕು, ಉಲ್ಟಾ ಆದರೆ ಕೆಲಸ ಮಾಡಲ್ಲ.

ನೀಲಮ್ಮ, ಮಡಿಕೇರಿ

ಪ್ರಜ್ವಲ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸೇರಿಸುವುದು ಇಷ್ಟೇ. `Light Tree` ಆನ್ ಇದೆಯಾ ನೋಡು, 3.5ರಿಂದ ಸೈಕಲ್ಸ್‌ನಲ್ಲಿದೆ, ಹೀಗೆ ಸಣ್ಣ ಸಣ್ಣ ದೀಪ ತುಂಬಾ ಇರುವಾಗ ಚುಕ್ಕಿ ಕಡಿಮೆ ಮಾಡುತ್ತದೆ. ಫಿಲಮೆಂಟ್‌ನ ಮೇಲ್ಮೈ ಗೋಳದ್ದಕ್ಕಿಂತ ಎಷ್ಟೋ ಚಿಕ್ಕದು, ಆದ್ದರಿಂದ ಅಷ್ಟೇ ಬೆಳಕು ಕೊಡಲು ಅದರ `Strength` ನೂರಾರು ಬರುತ್ತದೆ, ಅದು ತಪ್ಪಲ್ಲ. ಗ್ಲೋ ಕೂಡ ಗೋಳಕ್ಕಿಂತ ಚೂಪಾಗಿ, ಒಂದೊಂದು ಬಲ್ಬಿಗೂ ಬೇರೆ ಬೇರೆಯಾಗಿ ಬರಬೇಕು. ಹನ್ನೆರಡೂ ಕಲಸಿ ಒಂದೇ ಬಿಳಿ ಮುದ್ದೆ ಆಗಿದ್ದರೆ `Glare`ನ `Size` ಇಳಿಸು.

ಅದರಲ್ಲಿ ತೂಗುವ ಗಾಜಿನ ಹರಳುಗಳೂ ಇದ್ದರೆ, ಗೋಡೆಯ ಮೇಲೆ ಹರಳು ಚೆಲ್ಲುವ ಮಿಂಚು ಈ ಉಪಾಯದಲ್ಲಿ ಬರುವುದಿಲ್ಲ. ನೆರಳಿನ ಕಿರಣವನ್ನು ನೇರ ಬಿಟ್ಟಿದ್ದೇವಲ್ಲ. ಅರ್ಧ ಕಾಣುವ ಶಾಂಡ್ಲಿಯರ್‌ಗೆ ಅದು ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ಪ್ರಜ್ವಲ್, ಕುಶಾಲನಗರ

ಅಕ್ಕಾ, ಮಂಜಿನ ವಿಷಯ ನೀವು ಹೇಳಲೇ ಇಲ್ಲ. `Volume Scatter` ಯಾಕೆ ಬೇಡ?

ನೀಲಮ್ಮ, ಮಡಿಕೇರಿ

ಕಿಟಕಿ ಮುಚ್ಚಿದ ಊಟದ ಕೋಣೆಯಲ್ಲಿ ಬೆಳಕಿನ ಕಂಬ ಕಾಣಿಸುವಷ್ಟು ಮಂಜು ಇರುವುದಿಲ್ಲ. ಇದ್ದರೆ ಎದುರು ಗೋಡೆಯೂ ಮಸುಕಾಗಿರಬೇಕು. ವಾಲ್ಯೂಮ್ ಹಾಕಿದ ಕೋಣೆ ಹೊಗೆ ತುಂಬಿದ ಹಾಗೆ ಕಾಣುತ್ತದೆ, ಬೀಟೆಯ ಕಪ್ಪು ಬೂದಿಯಾಗುತ್ತದೆ, ರೆಂಡರ್ ಹೊತ್ತೂ ಬಹಳ ಜಾಸ್ತಿಯಾಗುತ್ತದೆ. ಕೋಣೆಯೊಳಗಿನ ಗ್ಲೋ ಲೆನ್ಸಿನದ್ದು, ಗಾಳಿಯದ್ದಲ್ಲ.

ಪ್ರಜ್ವಲ್, ಕುಶಾಲನಗರ

ಕೋಣೆಗೆ ಒಪ್ಪಿದೆ. ಜಗಲಿಗೆ? ಜುಲೈನಲ್ಲಿ ನಮ್ಮ ಅಜ್ಜಿ ಮನೆ ಜಗಲಿಯಲ್ಲಿ ಮಂಜು ಕಂಬದ ತನಕ ಬಂದು ನಿಲ್ಲುತ್ತದೆ. ಅಲ್ಲಿ ದೀಪದ ಸುತ್ತ ಪ್ರಭೆ ಕಣ್ಣಿಗೇ ಕಾಣುತ್ತದೆ, ಲೆನ್ಸೂ ಇಲ್ಲ ಏನೂ ಇಲ್ಲ.

ನೀಲಮ್ಮ, ಮಡಿಕೇರಿ

ಜಗಲಿಯಲ್ಲಿ ನೀನು ಹೇಳಿದ್ದು ನಿಜ. ಅಲ್ಲಿ ಮಂಜೇ ಬೆಳಕನ್ನು ಚದುರಿಸುತ್ತದೆ. ಆದರೂ ನಾನು ಜಗಲಿ ಚಿತ್ರಗಳಿಗೆ ಮಿಸ್ಟ್ ಪಾಸ್ ತೆಗೆದು ದೂರಕ್ಕೆ ಮಾತ್ರ ಮಂಜು ಸೇರಿಸುತ್ತೇನೆ, ದೀಪಕ್ಕೆ `Fog Glow` ಸಾಕು ಅನ್ನಿಸುತ್ತದೆ.

ಪ್ರಜ್ವಲ್, ಕುಶಾಲನಗರ

ಮಿಸ್ಟ್ ಪಾಸ್‌ನಲ್ಲಿ ಮಂಜಿಗೆ ದೀಪದ ಬಣ್ಣ ಹತ್ತುವುದಿಲ್ಲವಲ್ಲ ಅಕ್ಕಾ. ನಿಜದಲ್ಲಿ ದೀಪದ ಹತ್ತಿರದ ಮಂಜು ಹಳದಿ, ದೂರದ್ದು ನೀಲಿ. ನಾನು ಜಗಲಿಗೆ ವಾಲ್ಯೂಮೇ ಹಾಕುತ್ತೇನೆ, ಹೊತ್ತು ಹೋದರೂ ಪರವಾಗಿಲ್ಲ.

ಚಂದ್ರು, ಸೋಮವಾರಪೇಟೆ

ಇಬ್ಬರೂ ಒಂದೇ ಜಗಲಿ ಚಿತ್ರ ಎರಡೂ ಥರ ಮಾಡಿ ಹಾಕಿದರೆ ನಮಗೂ ನೋಡಬಹುದು.

ರಶ್ಮಿ, ವಿರಾಜಪೇಟೆ

ನನ್ನ ಮುಂದಿನ ಚಿತ್ರ ಅದೇ ಮನೆಯ ಜಗಲಿ, ಮಾಡಿದ ಮೇಲೆ ಫೈಲ್ ಇಲ್ಲೇ ಕೊಡುತ್ತೇನೆ.

ಊಟದ ಕೋಣೆ ಯಜಮಾನರಿಗೆ ಕಳಿಸಿದೆ. ನೋಡಿದ ಕೂಡಲೇ ಅವರು ಕೇಳಿದ್ದು ಬೆಳಕಿನ ಬಗ್ಗೆ ಅಲ್ಲ, ಬೀಟೆ ಗೋಡೆ ಇಷ್ಟು ಕಪ್ಪಾಗಿ ಕಾಣುತ್ತದಲ್ಲ, ಆ ಪಕ್ಕದ ಎರಡು ಡೌನ್‌ಲೈಟ್ ಬೇಕಾ ಅಂತ. ಅವೆರಡನ್ನೂ ಆರಿಸಿ ಇನ್ನೊಂದು ಚಿತ್ರ ತೆಗೆದೆ, ಕೋಣೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಇಬ್ರಾಹಿಂ ಅಣ್ಣ, ನೀವು ಹೇಳಿದ ಹಾಗೆ ಅಲ್ಲಿ ಸೀಲಿಂಗ್‌ಗೆ ಬೆಳಕು ಬಿಡುವ ಪಟ್ಟಿ ಹಾಕುವುದಾದರೆ ಗೋಡೆಯಿಂದ ಎಷ್ಟು ಜಾಗ ಬಿಡಬೇಕು? ಅದನ್ನೂ ಒಂದು ಸಲ ಹಚ್ಚಿ ತೋರಿಸುತ್ತೇನೆ ಅಂತ ಅವರಿಗೆ ಹೇಳಿದ್ದೇನೆ.

ಇಬ್ರಾಹಿಂ ಎಲೆಕ್ಟ್ರಿಕಲ್ಸ್, ನಾಪೋಕ್ಲು

ಪಟ್ಟಿ ಸೀಲಿಂಗ್‌ಗೆ ತೀರಾ ಹತ್ತಿರ ಇಟ್ಟರೆ ಬೆಳಕು ಒಂದು ಗೆರೆಯಾಗಿ ನಿಂತುಬಿಡುತ್ತದೆ, ಹರಡುವುದಿಲ್ಲ. ನಾನು ಸಾಧಾರಣವಾಗಿ ಒಂದು ಗೇಣು ಕೆಳಗೆ ಇಡುತ್ತೇನೆ, ಪಟ್ಟಿ ಕಣ್ಣಿಗೆ ಕಾಣದ ಹಾಗೆ ಮುಂದೆ ಒಂದು ತುಟಿ ಕೊಡುತ್ತೇನೆ. ನಿಮ್ಮ ಕಂಪ್ಯೂಟರ್‌ನಲ್ಲಿ ಎರಡು ಮೂರು ಎತ್ತರ ಹಾಕಿ ನೋಡಿ, ಯಾವುದು ಚೆನ್ನಾಗಿ ಹರಡುತ್ತದೋ ಆ ಅಳತೆ ನನಗೆ ಕಳಿಸಿ. ಮುಂದಿನ ವಾರ ಕಕ್ಕಬ್ಬೆ ಕಡೆ ಕೆಲಸ ಇದೆ, ಸೀಲಿಂಗ್ ಹೊಡೆಯುವ ಮೊದಲು ವೈರ್ ಎಳೆದುಬಿಡಬಹುದು.